ಕನ್ಸೋಲ್‌ಗಳನ್ನು ಮಾರಿ ಲ್ಯಾಪ್‌ಟಾಪ್ ಕೊಳ್ಳುವಾಗ ಉಳಿಸಿಕೊಳ್ಳಬೇಕಾದ ಒಂದು

ಹಳೆಯ ಗೇಮ್ ಕನ್ಸೋಲ್‌ಗಳಿಗೆ ಇಂದು ಸಂಗ್ರಾಹಕರ ಮಾರುಕಟ್ಟೆಯೊಂದಿದೆ. ಅಂಥ ಸಂಗ್ರಹವನ್ನು ಮಾರಿ ಲ್ಯಾಪ್‌ಟಾಪ್ ಕೊಳ್ಳಲು ಹೊರಟವನೊಬ್ಬನ ಬಳಿ ಐದು ಯಂತ್ರಗಳಿವೆ ಎಂದಿಟ್ಟುಕೊಳ್ಳೋಣ: ಸೆಗಾ ಮೆಗಾ ಡ್ರೈವ್ (1988), ನಿಂಟೆಂಡೊ ಗೇಮ್ ಬಾಯ್ (1989), ಸೋನಿ ಪ್ಲೇಸ್ಟೇಷನ್ (1994), ಪ್ಲೇಸ್ಟೇಷನ್ 2 (2000) ಮತ್ತು ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ (2001). ನಾಲ್ಕನ್ನು ಮಾರಿ ಒಂದನ್ನು ಇಟ್ಟುಕೊಳ್ಳುವುದು ಅವನ ಲೆಕ್ಕ.

ಬೆಲೆ ಹೇಳುವ ಮೊದಲು ಯಂತ್ರಗಳ ಸ್ಥಿತಿ ತಿಳಿದಿರಬೇಕು. ಗೇಮ್ ಬಾಯ್‌ಗೆ ನಾಲ್ಕು ಎಎ ಸೆಲ್‌ಗಳು ಬೇಕು. ವರ್ಷಗಟ್ಟಲೆ ಒಳಗೇ ಉಳಿದ ಸೆಲ್‌ಗಳು ಸೋರಿದರೆ ಲೋಹದ ಪಟ್ಟಿಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿಕೊಳ್ಳುತ್ತದೆ; ಮುಚ್ಚಳ ತೆಗೆದರೆ ಸಾಕು, ಕಾಣಿಸುತ್ತದೆ. ಎಕ್ಸ್‌ಬಾಕ್ಸ್‌ನ ತೊಂದರೆ ಹೊರಗೆ ಕಾಣುವುದಿಲ್ಲ. ಮೊದಲ ಎಕ್ಸ್‌ಬಾಕ್ಸ್‌ಗಳಲ್ಲಿ ಹೆಚ್ಚಿನವುಗಳೊಳಗೆ ಗಡಿಯಾರ ನಡೆಸಲು ಒಂದು ಕೆಪಾಸಿಟರ್ ಇದೆ. ಹಳತಾದಂತೆ ಅದು ಸೋರಿ, ಆ ದ್ರವ ಬೋರ್ಡಿನ ಮೇಲಿನ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಇಂದು ಚೆನ್ನಾಗಿ ಆನ್ ಆಗುವ ಯಂತ್ರವೂ ನಾಳೆ ಕೆಡಬಹುದು. ರಿಪೇರಿ ಬಲ್ಲವರಿಂದ ಆ ಕೆಪಾಸಿಟರ್ ತೆಗೆಸಿ ಬೋರ್ಡ್ ಶುಚಿ ಮಾಡಿಸಿದರೆ ಅಪಾಯ ತಪ್ಪುತ್ತದೆ. ಪ್ಲಗ್ ಕಿತ್ತಾಗ ಗಡಿಯಾರ ಸಮಯ ಮರೆಯುತ್ತದೆ, ಆಟಕ್ಕೆ ಅಡ್ಡಿಯಿಲ್ಲ. ಈ ಕೆಲಸ ಮುಗಿದಿದೆ ಎಂದು ಒಳಗಿನ ಫೋಟೊ ಸಮೇತ ತಿಳಿಸಿದರೆ ಕೊಳ್ಳುವವನಿಗೆ ನಂಬಿಕೆ ಬರುತ್ತದೆ.

ಎರಡು ಪ್ಲೇಸ್ಟೇಷನ್‌ಗಳಲ್ಲಿ ಸವೆಯುವುದು ಡಿಸ್ಕ್ ಓದುವ ಲೇಸರ್. ಆಟ ಶುರುವಾಗಲು ಬಹಳ ಹೊತ್ತು ಹಿಡಿಯುವುದು, ವಿಡಿಯೊ ನಡುನಡುವೆ ತಡವರಿಸುವುದು, ಒಂದು ಡಿಸ್ಕ್ ಓದಿ ಇನ್ನೊಂದನ್ನು ಓದದಿರುವುದು ಅದರ ಲಕ್ಷಣ. ಗೀರಿಲ್ಲದ ಡಿಸ್ಕ್‌ನಲ್ಲಿ ಅರ್ಧ ಗಂಟೆ ಆಡಿಸಿ ನೋಡಿದರೆ ದೋಷ ಡಿಸ್ಕ್‌ನದೋ ಯಂತ್ರದ್ದೋ ಗೊತ್ತಾಗುತ್ತದೆ. ಭಾರತದಲ್ಲಿ ಅನೇಕರು ನಕಲಿ ಡಿಸ್ಕ್ ಆಡಲು ಪಿಎಸ್2ಗೆ ಚಿಪ್ ಹಾಕಿಸಿದ್ದರು. ಹಾಕಿಸಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ನಕಲಿ ಡಿಸ್ಕ್‌ಗಳಿಗೆ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

ಬೆಲೆ ಗೊತ್ತುಮಾಡುವಾಗ ಮಾರುವವರು ಕೇಳುತ್ತಿರುವ ಮೊತ್ತವನ್ನಲ್ಲ, ಅಂಥದೇ ವಸ್ತು ನಿಜಕ್ಕೂ ಮಾರಾಟವಾದ ಮೊತ್ತವನ್ನು ನೋಡಬೇಕು. ಮೂಲ ಪೆಟ್ಟಿಗೆ, ಕೈಪಿಡಿ, ಕಂಪನಿಯದೇ ಕಂಟ್ರೋಲರ್ ಇದ್ದರೆ ಬೆಲೆ ಏರುತ್ತದೆ. ಎಲ್ಲವನ್ನೂ ಒಟ್ಟಿಗೆ ಒಬ್ಬ ವ್ಯಾಪಾರಿಗೆ ಕೊಟ್ಟರೆ ಹಣ ಅದೇ ದಿನ ಕೈಸೇರುತ್ತದೆ, ಆದರೆ ರಿಪೇರಿ ಖರ್ಚು ಮತ್ತು ತನ್ನ ಲಾಭ ಕಳೆದೇ ವ್ಯಾಪಾರಿ ಬೆಲೆ ಕಟ್ಟುತ್ತಾನೆ. ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಸಿಗುತ್ತದೆ, ಹೆಚ್ಚು ದಿನವೂ ಹಿಡಿಯುತ್ತದೆ.

ಇನ್ನು ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ. ಲ್ಯಾಪ್‌ಟಾಪ್ ಮಾಡಲಾಗದ ಕೆಲಸವನ್ನು ಯಾವ ಯಂತ್ರ ಮಾಡುತ್ತದೋ ಅದು ಉಳಿಯಬೇಕು. ಗೇಮ್ ಬಾಯ್, ಮೆಗಾ ಡ್ರೈವ್ ಆಟಗಳನ್ನು ಎಮ್ಯುಲೇಟರ್ ಎಂಬ ತಂತ್ರಾಂಶದ ಮೂಲಕ ಸಾಧಾರಣ ಲ್ಯಾಪ್‌ಟಾಪ್ ಕೂಡ ಸಲೀಸಾಗಿ ಓಡಿಸುತ್ತದೆ. ಆದರೆ ಇಂದಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಕಪಾಟಿನಲ್ಲಿರುವ ಪ್ಲೇಸ್ಟೇಷನ್ ಡಿಸ್ಕ್‌ಗಳನ್ನು ಅದರೊಳಗೆ ಹಾಕುವಂತೆಯೇ ಇಲ್ಲ.

ಈ ಕೊರತೆಯನ್ನು ತುಂಬುವುದು ಪಿಎಸ್2. ಅದು ತನ್ನ ಡಿಸ್ಕ್‌ಗಳ ಜೊತೆಗೆ ಮೊದಲ ಪ್ಲೇಸ್ಟೇಷನ್ನಿನ ಬಹುಪಾಲು ಆಟಗಳನ್ನೂ ಆಡಿಸುತ್ತದೆ, ಡಿವಿಡಿ ಸಿನಿಮಾಗಳನ್ನೂ ತೋರಿಸುತ್ತದೆ. ಅದೊಂದಿದ್ದರೆ ಮೊದಲ ಪ್ಲೇಸ್ಟೇಷನ್ ಮಾರಬಹುದು. ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಪಿಎಸ್2 ಮಾರಾಟವಾಗಿರುವುದರಿಂದ ಅದು ಅಪರೂಪದ ವಸ್ತುವಲ್ಲ. ಮಾರಿದರೂ ಹೆಚ್ಚು ಹಣ ಬರುವುದಿಲ್ಲ, ಇಟ್ಟುಕೊಂಡರೂ ಲ್ಯಾಪ್‌ಟಾಪ್‌ಗೆ ಕೂಡಿಸಿದ ಹಣದಲ್ಲಿ ದೊಡ್ಡ ಕಡಿತವಾಗುವುದಿಲ್ಲ.

ಹಳೆಯ ಪ್ಲೇಸ್ಟೇಷನ್ ಕೈಬಿಡುವಾಗ ಅದರ ಮೆಮೊರಿ ಕಾರ್ಡನ್ನು ಮಾತ್ರ ಕೊಟ್ಟುಬಿಡಬಾರದು. ಪಿಎಸ್2ನಲ್ಲಿ ಹಳೆಯ ಆಟ ಆಡಿದರೂ ಆಟದ ಪ್ರಗತಿ ಉಳಿಯುವುದು ಹಳೆಯ ಕಾರ್ಡಿನಲ್ಲೇ. ಪಿಎಸ್2 ಕಾರ್ಡಿಗೆ ಅದನ್ನು ನಕಲು ಮಾಡಿ ಇಡಬಹುದು, ಅಲ್ಲಿಂದ ನೇರವಾಗಿ ಆಡಲು ಬರುವುದಿಲ್ಲ. ಗೇಮ್ ಬಾಯ್‌ನ ಅನೇಕ ಕಾರ್ಟ್ರಿಜ್‌ಗಳು ಪ್ರಗತಿಯನ್ನು ಒಳಗಿನ ಪುಟ್ಟ ಬ್ಯಾಟರಿಯ ಬಲದಿಂದ ಉಳಿಸಿಕೊಂಡಿರುತ್ತವೆ. ಬ್ಯಾಟರಿ ಬದಲಿಸಿದರೆ ಸಾಮಾನ್ಯವಾಗಿ ಅದು ಅಳಿಯುತ್ತದೆ. ಬಾಲ್ಯದ ಆಟ ಅದರಲ್ಲೇ ಉಳಿದಿದ್ದರೆ, ಆ ಒಂದು ಕಾರ್ಟ್ರಿಜ್ ಮಾರುವ ಮೊದಲು ಯೋಚಿಸಬೇಕು.

ಉಳಿಸಿಕೊಂಡ ಪಿಎಸ್2ಗೆ ಸರಿಹೊಂದುವ ಕೇಬಲ್, ಎರಡು ಬಗೆಯ ಮೆಮೊರಿ ಕಾರ್ಡ್, ಒಂದು ಕಂಟ್ರೋಲರ್‌ಗಳನ್ನು ಮಾರಾಟದ ರಾಶಿಗೆ ಸೇರಿಸದೆ ಮೊದಲೇ ಬೇರೆ ಎತ್ತಿಡಬೇಕು. ಹೊಸ ಟಿವಿಯಲ್ಲಿ ಹಳೆಯ ಎವಿ ಪಿನ್‌ಗಳಿಗೆ ಜಾಗವಿಲ್ಲದಿದ್ದರೆ ಎಚ್‌ಡಿಎಂಐಗೆ ಬದಲಿಸುವ ಪರಿವರ್ತಕವೂ ಬೇಕು. ಅದರ ಖರ್ಚನ್ನು ಲ್ಯಾಪ್‌ಟಾಪಿನ ಬಜೆಟ್‌ನಲ್ಲೇ ಸೇರಿಸಿಕೊಳ್ಳುವುದು ಒಳ್ಳೆಯದು.