ಲಗ್ನಪತ್ರಿಕೆ ‘ಸ್ವಲ್ಪ ನೋಡಿ ಹೇಳಿ’ ಎಂದಾಗ

ನೆರೆಮನೆಯವರು ಮಗಳ ಲಗ್ನಪತ್ರಿಕೆಯ ಕರಡನ್ನು ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರು. ಕೆಳಗೆ ಒಂದೇ ಸಾಲು: ‘ಸ್ವಲ್ಪ ನೋಡಿ ಹೇಳಿ ಸರ್, ಸಂಜೆ ಪ್ರೆಸ್ಸಿಗೆ ಕೊಡಬೇಕು.’

ಇಂಥದ್ದು ಬಂದರೆ ನಾನು ಮೊದಲು ನೋಡುವುದು ದಿನಾಂಕ. ಕರಡಿನಲ್ಲಿ ‘ಶ್ರೀ ವಿಶ್ವಾವಸು ನಾಮ ಸಂವತ್ಸರದ ವೈಶಾಖ ಶುದ್ಧ ದಶಮಿ, ದಿನಾಂಕ 26-4-2026ನೇ ಸೋಮವಾರ’ ಎಂದಿತ್ತು. ಗೋಡೆಯ ಕ್ಯಾಲೆಂಡರ್ ನೋಡಿದೆ. ಏಪ್ರಿಲ್ 26 ಭಾನುವಾರ. ಸಂವತ್ಸರವೂ ತಪ್ಪು: ಮಾರ್ಚ್ 19ರ ಯುಗಾದಿಗೇ ವಿಶ್ವಾವಸು ಮುಗಿದು ಪರಾಭವ ಬಂದಿದೆ. ಹೋದ ವರ್ಷದ ಪತ್ರಿಕೆಯ ಮೇಲೆಯೇ ಹೊಸ ಹೆಸರು ಕೂರಿಸಿದರೆ ಹೀಗೆ ಹಳೆಯ ಸಾಲು ಉಳಿದುಬಿಡುತ್ತದೆ.

ಸಂವತ್ಸರದ ತಪ್ಪಿನಲ್ಲಿ ಅನುಮಾನವಿಲ್ಲ. ವಾರದ್ದು ಹಾಗಲ್ಲ. ಮದುವೆ ಸೋಮವಾರವೇ ಆಗಿದ್ದು ತಾರೀಕು 27 ಆಗಬೇಕಿತ್ತೇ? ಪಂಚಾಂಗದಲ್ಲಿ 26ಕ್ಕೆ ದಶಮಿ, 27ಕ್ಕೆ ಏಕಾದಶಿ. ಹಾಗಾಗಿ ಭಾನುವಾರವೇ ಇರಬೇಕು ಎಂದು ಊಹಿಸಬಹುದು. ಆದರೆ ಛತ್ರ ಯಾವ ದಿನಕ್ಕೆ ಗೊತ್ತಾಗಿದೆ ಎಂಬುದು ಮನೆಯವರಿಗೇ ಗೊತ್ತು. ಅದಕ್ಕೇ ‘ಭಾನುವಾರ ಎಂದು ಮಾಡಿ’ ಎನ್ನಲಿಲ್ಲ, ‘26 ಭಾನುವಾರ ಬರುತ್ತದೆ, ಯಾವುದು ಸರಿ?’ ಎಂದು ಕೇಳಿದೆ.

ಆಮೇಲೆ ಅಕ್ಷರ. ‘ಆರ್ಶೀವದಿಸಿ’ ಎಂದಿತ್ತು. ಅರ್ಕಾವೊತ್ತು ಜಾಗ ತಪ್ಪಿದೆ, ‘ಆಶೀರ್ವದಿಸಿ’ ಆಗಬೇಕು. ಇದನ್ನು ಧೈರ್ಯವಾಗಿ ಹೇಳಬಹುದು. ಹೆಸರುಗಳ ವಿಷಯ ಬೇರೆ. ವರನ ಹೆಸರು ಮೇಲೆ ‘ಮಂಜುನಾಥ’, ಲಕೋಟೆಯ ಮೇಲೆ ‘ಮಂಜುನಾಥ್’. ಎರಡೂ ಬಳಕೆಯಲ್ಲಿವೆ, ಆರಿಸಬೇಕಾದವರು ಅವರು. ಎಲ್ಲಕ್ಕಿಂತ ನಿಧಾನವಾಗಿ ನೋಡಬೇಕಾದದ್ದು ‘ದಿ||’ ಎಂಬ ಪುಟ್ಟ ಗುರುತು. ಒಂದು ಸಾಲು ಮೇಲೆ ಕೆಳಗೆ ಆದರೆ ಬದುಕಿರುವ ಅಜ್ಜನೇ ದಿವಂಗತನಾಗುತ್ತಾನೆ.

ಫೋಟೊಗೆ ತನ್ನದೇ ಮಿತಿಯಿದೆ. ದ–ಧ, ಪ–ಫ ಇವುಗಳ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಮಸುಕಾದ ಚಿತ್ರದಲ್ಲಿ ನಮ್ಮ ಕಣ್ಣು ಸರಿಯಾದದ್ದನ್ನೇ ಊಹಿಸಿ ಓದಿಬಿಡುತ್ತದೆ. ಈ ಫೋಟೊದಲ್ಲಿ ಬಲ ಅಂಚು ಕತ್ತರಿಸಿಹೋಗಿತ್ತು, ಛತ್ರದ ವಿಳಾಸದ ಮೇಲೆ ಟ್ಯೂಬ್‌ಲೈಟಿನ ಹೊಳಪು ಬಿದ್ದಿತ್ತು. ‘ಅಲ್ಲಿ ಓದಲಾಗಲಿಲ್ಲ, ಪಿಡಿಎಫ್ ಕಳಿಸಿ’ ಎಂದೆ. ಸುಮ್ಮನಿದ್ದರೆ ಅದನ್ನೂ ನೋಡಿ ಒಪ್ಪಿದ್ದೇನೆಂದೇ ಅವರು ತಿಳಿಯುತ್ತಾರೆ.

ವಿನ್ಯಾಸದಲ್ಲಿ ಹೇಳಿದ್ದು ಒಂದೇ: ಮುಹೂರ್ತದ ಸಮಯ ಸರಿಯಾಗಿ ಮಡಿಕೆಯ ಮೇಲೆ ಬಂದಿದೆ, ಮಡಚಿದಾಗ ಅಂಕಿ ಸವೆಯುತ್ತದೆ. ಬಣ್ಣ, ಒಕ್ಕಣೆ, ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಯಾವ ಚಿಕ್ಕಪ್ಪ ಮೊದಲು ಎಂಬುದು ನನ್ನ ಕೆಲಸವಲ್ಲ.

ಕೊನೆಗೆ ಕಳಿಸಿದ ಉತ್ತರದಲ್ಲಿ ಮೂರು ಭಾಗ: ಖಚಿತ ತಪ್ಪು, ನೀವು ಹೇಳಬೇಕಾದದ್ದು, ನನಗೆ ಕಾಣದ್ದು. ತಿದ್ದಿ ಬಂದ ಕರಡನ್ನು ಮತ್ತೆ ಮೊದಲಿನಿಂದ ಓದಿ. ಒಂದು ತಪ್ಪು ತಿದ್ದುವಾಗ ಪಕ್ಕದ ಸಾಲು ಕೆಡುವುದುಂಟು.