1.8 ಬಂದ ಮಾತ್ರಕ್ಕೆ ಡಿಎನ್‌ಎ ಶುದ್ಧವೇ?

ಮಾವಿನ ಎಲೆಯಿಂದ ಡಿಎನ್‌ಎ ತೆಗೆಯಲು ಹೊರಟವರ ಕೈಗೆ ಒಂದು ದಿನದ ಕೆಲಸದ ಕೊನೆಗೆ ಬರುವುದು ಪುಟ್ಟ ಪ್ಲಾಸ್ಟಿಕ್ ಟ್ಯೂಬಿನ ತಳದಲ್ಲಿ ಕುಳಿತ 50 ಮೈಕ್ರೊಲೀಟರ್ ದ್ರವ. ಅಂದರೆ ಒಂದು ಹನಿಯಷ್ಟು. ನೋಡಲು ಅದು ನೀರಿನಂತೆಯೇ ಇರುತ್ತದೆ. ಅದರಲ್ಲಿ ಡಿಎನ್‌ಎ ಇದೆಯೇ, ಎಷ್ಟಿದೆ, ಜೊತೆಗೆ ಇನ್ನೇನೇನು ಸೇರಿಕೊಂಡಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಇದನ್ನು ತಿಳಿಯದೆ ಸೀಕ್ವೆನ್ಸಿಂಗ್‌ಗೆ ಕಳಿಸಿದರೆ ದುಬಾರಿ ಕಿಟ್ಟೂ ಹಾಳು, ಮತ್ತೆ ಸಿಗದ ಸ್ಯಾಂಪಲ್ಲೂ ಹಾಳು. ಹಾಗಾಗಿ ಪ್ರತಿಯೊಂದು ಲ್ಯಾಬಿನಲ್ಲೂ ಮೊದಲು ಮಾಡುವ ಕೆಲಸ, ಆ ದ್ರವದ ಒಂದಿಷ್ಟನ್ನು ನ್ಯಾನೊಡ್ರಾಪ್ ಎಂಬ ಯಂತ್ರದ ಮೇಲಿಟ್ಟು ಬೆಳಕು ಹಾಯಿಸುವುದು.

ಯಂತ್ರಕ್ಕೆ ಬೇಕಾಗುವುದು 1ರಿಂದ 2 ಮೈಕ್ರೊಲೀಟರ್ ಮಾತ್ರ. ಕೆಳಗಿನ ಪುಟ್ಟ ಪೀಠದ ಮೇಲೆ ಆ ಬಿಂದುವನ್ನಿಟ್ಟು ಮೇಲಿನ ತೋಳನ್ನು ಇಳಿಸಿದರೆ, ಬಿಂದು ಎರಡರ ನಡುವೆ ಎಳೆದುಕೊಂಡು 1 ಮಿಲಿಮೀಟರ್ ಎತ್ತರದ ಕಂಬದಂತೆ ನಿಲ್ಲುತ್ತದೆ. ಅದರ ಮೂಲಕ ಅತಿನೇರಳೆ ಬೆಳಕು ಹಾದುಹೋಗುತ್ತದೆ. ಡಿಎನ್‌ಎಯ ನಾಲ್ಕು ಬೇಸ್‌ಗಳಲ್ಲೂ ಇರುವ ಉಂಗುರದಾಕಾರದ ರಚನೆಗಳು 260 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಎಷ್ಟು ಬೆಳಕು ಹೀರಿಹೋಯಿತು ಎಂಬುದರಿಂದ ಎಷ್ಟು ಡಿಎನ್‌ಎ ಇದೆ ಎಂದು ಲೆಕ್ಕ ಹಾಕಬಹುದು. 1 ಸೆಂಟಿಮೀಟರ್ ದಾರಿಯಲ್ಲಿ ಹೀರಿಕೆ 1 ಬಂದರೆ, ಎರಡೆಳೆಯ ಡಿಎನ್‌ಎ ಪ್ರತಿ ಮೈಕ್ರೊಲೀಟರಿಗೆ 50 ನ್ಯಾನೊಗ್ರಾಂ ಇದೆ ಎಂದರ್ಥ. ಯಂತ್ರ ತಾನು ಅಳೆದ 1 ಮಿಲಿಮೀಟರಿನ ಅಂಕಿಯನ್ನು 1 ಸೆಂಟಿಮೀಟರಿನ ಲೆಕ್ಕಕ್ಕೆ ತಿರುಗಿಸಿ ತೋರಿಸುತ್ತದೆ.

ತೊಡಕಿರುವುದು ಇಲ್ಲೇ. 260ರಲ್ಲಿ ಬೆಳಕು ಹೀರುವುದು ಡಿಎನ್‌ಎ ಒಂದೇ ಅಲ್ಲ. ಆರ್‌ಎನ್‌ಎ ಹೀರುತ್ತದೆ, ಬಿಡಿ ನ್ಯೂಕ್ಲಿಯೊಟೈಡ್‌ಗಳು ಹೀರುತ್ತವೆ, ಸಸ್ಯಗಳ ಫೀನಾಲ್ ಬಗೆಯ ವಸ್ತುಗಳೂ ಒಂದಿಷ್ಟು ಹೀರುತ್ತವೆ. ಕಲ್ಲು ಬೆರೆತ ಅಕ್ಕಿಯನ್ನು ತಕ್ಕಡಿಗೆ ಹಾಕಿದರೆ ಒಟ್ಟು ತೂಕ ಬರುತ್ತದೆಯೇ ಹೊರತು ಅಕ್ಕಿಯ ತೂಕವಲ್ಲ. ಆದ್ದರಿಂದಲೇ ಯಂತ್ರ ಇನ್ನೆರಡು ಕಡೆ, 280 ಮತ್ತು 230 ನ್ಯಾನೊಮೀಟರುಗಳಲ್ಲಿ, ಹೀರಿಕೆಯನ್ನು ನೋಡಿ ಎರಡು ಅನುಪಾತಗಳನ್ನು ಕೊಡುತ್ತದೆ. 260/280 ಅನುಪಾತ ಶುದ್ಧ ಡಿಎನ್‌ಎಗೆ 1.8ರ ಹತ್ತಿರ, ಆರ್‌ಎನ್‌ಎಗೆ 2.0ರ ಹತ್ತಿರ ಇರುತ್ತದೆ. 260/230 ಅನುಪಾತ 2.0ರಿಂದ 2.2ರೊಳಗೆ ಇದ್ದರೆ ಒಳ್ಳೆಯದು.

ಇವೆರಡರಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು 260/280ರ ಕಡೆಗೆ. 1.8 ಕಂಡರೆ ಸಮಾಧಾನ. ನನ್ನ ಮಟ್ಟಿಗೆ ಇದು ಆ ಅಂಕಿಗೆ ಕೊಡಬೇಕಾದುದಕ್ಕಿಂತ ಹೆಚ್ಚಿನ ಮರ್ಯಾದೆ. ಈ ಎರಡು ತರಂಗಾಂತರಗಳನ್ನು ಹೋಲಿಸುವ ಕ್ರಮ ಬಂದದ್ದು 1942ರಲ್ಲಿ, ಬರ್ಲಿನ್ನಿನ ಓಟೊ ವಾರ್‌ಬುರ್ಗ್ ಮತ್ತು ವಾಲ್ಟರ್ ಕ್ರಿಸ್ಟಿಯಾನ್ ಅವರ ಕೆಲಸದಿಂದ. ಅವರು ಶುದ್ಧಗೊಳಿಸುತ್ತಿದ್ದದ್ದು ಪ್ರೋಟೀನನ್ನು. ಅದರೊಳಗೆ ನ್ಯೂಕ್ಲಿಯಿಕ್ ಆಮ್ಲ ಎಷ್ಟು ಬೆರೆತಿದೆ ಎಂದು ಅವರಿಗೆ ತಿಳಿಯಬೇಕಿತ್ತು. ಆ ಕೆಲಸಕ್ಕೆ ಇದು ಬಲು ಸೂಕ್ಷ್ಮ, ಏಕೆಂದರೆ ನ್ಯೂಕ್ಲಿಯಿಕ್ ಆಮ್ಲದ ಹೀರಿಕೆ ಪ್ರೋಟೀನಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ನಾವು ಅದನ್ನೇ ತಿರುಗಿಸಿ, ಡಿಎನ್‌ಎಯೊಳಗೆ ಪ್ರೋಟೀನ್ ಎಷ್ಟಿದೆ ಎಂದು ಕೇಳುತ್ತಿದ್ದೇವೆ. ಆಗ ಆ ಸೂಕ್ಷ್ಮತೆ ಉಳಿಯುವುದಿಲ್ಲ.

ಲೆಕ್ಕ ಹಾಕಿಯೇ ನೋಡಬಹುದು. ಮೈಕ್ರೊಲೀಟರಿಗೆ 50 ನ್ಯಾನೊಗ್ರಾಂ ಶುದ್ಧ ಡಿಎನ್‌ಎ ಇದ್ದರೆ 260ರಲ್ಲಿ ಹೀರಿಕೆ 1.00, 280ರಲ್ಲಿ ಸುಮಾರು 0.56. ಅದಕ್ಕೆ ಅಷ್ಟೇ ತೂಕದ ಪ್ರೋಟೀನ್ ಬೆರೆಸಿದೆವೆನ್ನಿ. ಸಾಧಾರಣ ಪ್ರೋಟೀನಾದರೆ ಅದು 280ರಲ್ಲಿ ಸುಮಾರು 0.05, 260ರಲ್ಲಿ ಸುಮಾರು 0.03 ಸೇರಿಸುತ್ತದೆ. ಈಗ ಅನುಪಾತ 1.03 ಭಾಗಿಸು 0.61, ಅಂದರೆ ಸುಮಾರು 1.7. ಟ್ಯೂಬಿನಲ್ಲಿ ಅರ್ಧಕ್ಕರ್ಧ ಪ್ರೋಟೀನೇ ತುಂಬಿದ್ದರೂ ಅನುಪಾತ 1.8ರಿಂದ 1.7ಕ್ಕೆ ಇಳಿದಿದೆ, ಅಷ್ಟೆ. 260/280 ತೀರಾ ಕೆಳಗಿದ್ದರೆ ಏನೋ ಕೆಟ್ಟಿದೆ ಎಂದು ಖಚಿತವಾಗಿ ಹೇಳಬಹುದು. ಸರಿಯಾಗಿದ್ದರೆ ಎಲ್ಲವೂ ಸರಿ ಎನ್ನಲಾಗದು.

ಮಾವಿನ ಎಲೆಗೇ ಬರೋಣ. ಬಲಿತ ಎಲೆಯಲ್ಲಿ ಪಾಲಿಸ್ಯಾಕರೈಡ್ ಎನ್ನುವ ಲೋಳೆಯಂಥ ಸಕ್ಕರೆ ಸರಪಣಿಗಳೂ ಪಾಲಿಫೀನಾಲ್‌ಗಳೂ ಹೇರಳ. ಸಿಟಿಎಬಿ ಎಂಬ ಡಿಟರ್ಜೆಂಟಿನ ಬಿಸಿ ದ್ರಾವಣದಲ್ಲಿ ಎಲೆಯ ಪುಡಿಯನ್ನು ನೆನೆಸಿ, ಕ್ಲೋರೋಫಾರ್ಮಿನಿಂದ ಪ್ರೋಟೀನ್ ಬೇರ್ಪಡಿಸಿ, ಐಸೊಪ್ರೊಪನಾಲ್ ಹಾಕಿ ಡಿಎನ್‌ಎಯನ್ನು ಕೂಡಿಸುವುದು ಇಂಥ ಎಲೆಗಳಿಗೆ ರೂಢಿಯಲ್ಲಿರುವ ದಾರಿ. ಕೊನೆಗೆ ಟ್ಯೂಬಿನ ತಳದಲ್ಲಿ ಕೂತ ಗಟ್ಟಿ ಕಂದು ಬಣ್ಣಕ್ಕಿದ್ದರೆ ಫೀನಾಲ್‌ಗಳು ಗಾಳಿಗೆ ಕಂದಿವೆ ಎಂದರ್ಥ. ಕರಗಿಸಿದ ಮೇಲೆ ಪಿಪೆಟ್ಟಿನ ತುದಿಗೆ ದ್ರವ ಎಳೆಎಳೆಯಾಗಿ ಅಂಟಿ ಬಂದರೆ ಸಾಮಾನ್ಯವಾಗಿ ಪಾಲಿಸ್ಯಾಕರೈಡ್ ಉಳಿದಿದೆ. ಯಂತ್ರದ ಮುಂದೆ ಕೂರುವ ಮೊದಲೇ ಕೈಗೆ ಸಿಗುವ ಸುಳಿವುಗಳಿವು.

ಇಂಥ ಎಲೆಯಿಂದ ಬರುವ ಸ್ಯಾಂಪಲ್ಲಿಗೆ ಉದಾಹರಣೆಯಾಗಿ ಈ ಅಂಕಿಗಳನ್ನು ಇಟ್ಟುಕೊಳ್ಳೋಣ: ನ್ಯಾನೊಡ್ರಾಪ್ ಪ್ರಕಾರ ಮೈಕ್ರೊಲೀಟರಿಗೆ 412 ನ್ಯಾನೊಗ್ರಾಂ, 260/280 ಅನುಪಾತ 1.95, 260/230 ಅನುಪಾತ 1.1. ಮೊದಲ ಅಂಕಿ ನೋಡಿದವರಿಗೆ ಹಿಗ್ಗು. 50 ಮೈಕ್ರೊಲೀಟರಿನಲ್ಲಿ 20 ಮೈಕ್ರೊಗ್ರಾಂ ದಾಟಿ ಡಿಎನ್‌ಎ! ನ್ಯಾನೊಪೋರ್ ಸೀಕ್ವೆನ್ಸಿಂಗಿನ ಲೈಗೇಶನ್ ಕಿಟ್‌ಗಳು ಸಾಮಾನ್ಯವಾಗಿ ಕೇಳುವುದು 1 ಮೈಕ್ರೊಗ್ರಾಂ.

ಆದರೆ ಅನುಪಾತಗಳು ಬೇರೆಯೇ ಹೇಳುತ್ತಿವೆ. 1.95 ಎಂಬುದು 1.8ಕ್ಕಿಂತ ಮೇಲೆ, ಆರ್‌ಎನ್‌ಎಯ ಕಡೆಗೆ ವಾಲಿದೆ. ಮೇಲಿದ್ದರೆ ಇನ್ನೂ ಒಳ್ಳೆಯದು ಎಂದುಕೊಳ್ಳುವವರು ಇಲ್ಲಿ ಎಡವುತ್ತಾರೆ. 230ರ ಲೆಕ್ಕ ಇನ್ನೂ ಗಂಭೀರ. 412 ನ್ಯಾನೊಗ್ರಾಂ ಎಂದರೆ 260ರಲ್ಲಿ ಹೀರಿಕೆ 8.24. ಸ್ವಚ್ಛ ಸ್ಯಾಂಪಲ್ ಆಗಿದ್ದರೆ 230ರಲ್ಲಿ ಸುಮಾರು 4 ಇರಬೇಕಿತ್ತು. ಇಲ್ಲಿ ಅದು 7.5. ಹೆಚ್ಚಾದ ಮೂರೂವರೆ ಡಿಎನ್‌ಎಯದಲ್ಲ. ಶುದ್ಧ ಡಿಎನ್‌ಎ 230ರಲ್ಲಿ ಕಡಿಮೆ ಹೀರುತ್ತದೆ, ಅದರ ಗ್ರಾಫಿನಲ್ಲಿ ಅಲ್ಲೊಂದು ತಗ್ಗು ಇರುತ್ತದೆ. ಪಾಲಿಸ್ಯಾಕರೈಡ್, ಫೀನಾಲ್, ಇಡಿಟಿಎ, ಕಾಲಮ್ ಕಿಟ್‌ಗಳಲ್ಲಿ ಬಳಸುವ ಗ್ವಾನಿಡಿನ್ ಲವಣ ಯಾವುದು ಉಳಿದಿದ್ದರೂ ಆ ತಗ್ಗು ತುಂಬಿಕೊಳ್ಳುತ್ತದೆ. ಇವುಗಳಲ್ಲಿ ಯಾವುದು ಎಂದು ಅನುಪಾತ ಹೇಳುವುದಿಲ್ಲ. ಗ್ರಾಫಿನ ಆಕಾರ ಕೊಂಚ ಹೇಳುತ್ತದೆ. 260ರಲ್ಲಿರಬೇಕಾದ ಶಿಖರ 270ರ ಕಡೆ ಸರಿದಿದ್ದರೆ ಫೀನಾಲಿನ ಮೇಲೆ ಅನುಮಾನ ಪಡಬೇಕು. 320ರ ಆಚೆಗೂ ಗೆರೆ ಸೊನ್ನೆಗೆ ಇಳಿಯದಿದ್ದರೆ ದ್ರವದಲ್ಲಿ ಕರಗದ ಕಣಗಳಿವೆ. ಅಂಕಿ ಬರೆದುಕೊಂಡು ಗ್ರಾಫ್ ನೋಡದೆ ಎದ್ದುಹೋಗುವ ಅಭ್ಯಾಸ ಬಿಡಬೇಕೆಂದು ನಾನು ಹೊಸಬರಿಗೆ ಒತ್ತಿ ಹೇಳುವುದು ಇದಕ್ಕೇ.

ಈಗ ಇದೇ ಸ್ಯಾಂಪಲ್ಲನ್ನು ಕ್ಯೂಬಿಟ್‌ನಲ್ಲಿ ಅಳೆಯಬೇಕು. ಆ ಯಂತ್ರ ಬೆಳಕಿನ ಹೀರಿಕೆ ನೋಡುವುದಿಲ್ಲ. ಎರಡೆಳೆಯ ಡಿಎನ್‌ಎಗೆ ಅಂಟಿಕೊಂಡಾಗ ಮಾತ್ರ ಹೊಳೆಯುವ ಬಣ್ಣವೊಂದನ್ನು ಬೆರೆಸಿ ಆ ಹೊಳಪನ್ನು ಅಳೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಕ್ಯೂಬಿಟ್ ಹೇಳುವುದು 96. ಅಂದರೆ ನ್ಯಾನೊಡ್ರಾಪ್ ತೋರಿಸಿದ 412ರಲ್ಲಿ ನಿಜವಾದ ಡಿಎನ್‌ಎ ಕಾಲು ಭಾಗವೂ ಇಲ್ಲ. 412ನ್ನು ನಂಬಿ 1 ಮೈಕ್ರೊಗ್ರಾಂ ಎಂದು 2.4 ಮೈಕ್ರೊಲೀಟರ್ ತೆಗೆದವರ ಕಿಟ್ಟಿಗೆ ಹೋಗುವುದು 0.23 ಮೈಕ್ರೊಗ್ರಾಂ. ಜೊತೆಗೆ ಹೋದ ಕಲ್ಮಶ ಅಡಾಪ್ಟರ್ ಜೋಡಿಸುವ ಕಿಣ್ವಗಳನ್ನು ತಡೆಯುತ್ತದೆ, ಫ್ಲೋ ಸೆಲ್ಲಿನ ರಂಧ್ರಗಳನ್ನು ಕಟ್ಟಿಸುತ್ತದೆ. ಓದು ಶುರುವಾದ ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುವ ರಂಧ್ರಗಳ ಸಂಖ್ಯೆ ಕುಸಿಯುವುದಕ್ಕೆ ಇದೂ ಒಂದು ಕಾರಣ.

ಸ್ವಚ್ಛಗೊಳಿಸುವ ದಾರಿ ಇದೆ. ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಏಸ್ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತಾರೆ. ಇಷ್ಟಕ್ಕೇ ನಿಲ್ಲಿಸಿ ಮತ್ತೆ ನ್ಯಾನೊಡ್ರಾಪ್‌ಗೆ ಇಟ್ಟರೆ ಅಂಕಿ ಇಳಿಯುವುದಿಲ್ಲ, ಏಕೆಂದರೆ ತುಂಡಾದ ಆರ್‌ಎನ್‌ಎಯೂ 260ರಲ್ಲಿ ಬೆಳಕು ಹೀರುತ್ತದೆ. ಆ ತುಂಡುಗಳನ್ನು ಹೊರಹಾಕಬೇಕು. ಮತ್ತೊಮ್ಮೆ ಕ್ಲೋರೋಫಾರ್ಮ್ ಹಾಕಿ, ಮೇಲಿನ ದ್ರವಕ್ಕೆ ಸಾಕಷ್ಟು ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಬೆರೆಸಿದ ನಂತರ ಆಲ್ಕೊಹಾಲ್ ಹಾಕುತ್ತಾರೆ. ಉಪ್ಪು ಹೆಚ್ಚಿದ್ದಾಗ ಡಿಎನ್‌ಎ ಕೂಡಿಕೊಂಡು ತಳ ಸೇರುತ್ತದೆ, ಪಾಲಿಸ್ಯಾಕರೈಡಿನ ಬಹುಭಾಗ ದ್ರವದಲ್ಲೇ ಉಳಿಯುತ್ತದೆ. ಆ ಉಪ್ಪೂ ಜೊತೆಗೆ ಬರಬಾರದೆಂದು 70% ಎಥನಾಲಿನಲ್ಲಿ ಎರಡು ಸಲ ತೊಳೆದು, ಆರಿಸಿ, ಟ್ರಿಸ್ ಬಫರಿನಲ್ಲಿ ಕರಗಿಸುತ್ತಾರೆ.

ಇದಾದ ಮೇಲೆ ನಮ್ಮ ಸ್ಯಾಂಪಲ್ಲಿನ ಅಂಕಿಗಳು ಹೀಗೆ ಬಂದವೆನ್ನಿ: ನ್ಯಾನೊಡ್ರಾಪ್ 88, ಕ್ಯೂಬಿಟ್ 79, ಅನುಪಾತಗಳು 1.84 ಮತ್ತು 2.05. 412 ಇದ್ದದ್ದು 88ಕ್ಕೆ ಇಳಿದಾಗ ಹೊಸಬರು ಡಿಎನ್‌ಎ ಎಲ್ಲ ತೊಳೆದುಹೋಯಿತೆಂದು ಗಾಬರಿ ಬೀಳುತ್ತಾರೆ. ಕ್ಯೂಬಿಟ್ಟಿನ ಲೆಕ್ಕದಲ್ಲಿ ನೋಡಿದರೆ ನಿಜವಾದ ಡಿಎನ್‌ಎ 4.8 ಮೈಕ್ರೊಗ್ರಾಂನಿಂದ ಸುಮಾರು 4ಕ್ಕೆ ಇಳಿದಿದೆ. ಹೋದದ್ದು ಬಹುಪಾಲು ಡಿಎನ್‌ಎಯೇ ಅಲ್ಲ. ಎರಡು ಯಂತ್ರಗಳ ಅಂಕಿಗಳು ಹೀಗೆ ಹತ್ತಿರ ಬರುವುದನ್ನು ನಾನು ಯಾವ ಒಂದು ಅನುಪಾತಕ್ಕಿಂತಲೂ ಹೆಚ್ಚು ನಂಬುತ್ತೇನೆ.

ಸ್ಯಾಂಪಲ್ ಚೆನ್ನಾಗಿದ್ದೂ ಅನುಪಾತ ಕೆಡುವುದುಂಟು. ಅಳತೆಗೆ ಮೊದಲು ಯಂತ್ರಕ್ಕೆ ಖಾಲಿ ದ್ರವವನ್ನು ತೋರಿಸಿ, ಇದು ಸೊನ್ನೆ ಎಂದು ಹೇಳಿಕೊಡಬೇಕು. ಇದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ. ಡಿಎನ್‌ಎ ಇರುವುದು ಇಡಿಟಿಎ ಬೆರೆತ ಬಫರಿನಲ್ಲಿ, ಬ್ಲ್ಯಾಂಕ್ ಮಾಡಿದ್ದು ಬರೀ ನೀರಿನಲ್ಲಿ ಎಂದಾದರೆ ಇಡಿಟಿಎಯ ಹೀರಿಕೆಯೂ ಸ್ಯಾಂಪಲ್ಲಿನ ತಲೆಗೆ ಬಂದು 260/230 ಕುಸಿಯುತ್ತದೆ. ಯಾವ ದ್ರವದಲ್ಲಿ ಡಿಎನ್‌ಎ ಕರಗಿದೆಯೋ ಅದರಲ್ಲೇ ಬ್ಲ್ಯಾಂಕ್ ಮಾಡಬೇಕು. ಇನ್ನು ಬರೀ ನೀರಿನಲ್ಲಿ ಕರಗಿಸಿದವರಿಗೆ ಬೇರೊಂದು ಪೇಚು: ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡ ನೀರು ಕೊಂಚ ಆಮ್ಲೀಯವಾಗುತ್ತದೆ, ಅದರಲ್ಲಿ 260/280 ಅನುಪಾತ 0.2ರಿಂದ 0.3ರಷ್ಟು ಇಳಿಯಬಹುದು. 1.6 ಕಂಡು ಪ್ರೋಟೀನ್ ಇದೆಯೆಂದು ಮತ್ತೆ ಕ್ಲೋರೋಫಾರ್ಮ್ ಹಾಕುವ ಮೊದಲು ಒಮ್ಮೆ ಬಫರಿನಲ್ಲಿ ಅಳೆದು ನೋಡುವುದು ಮೇಲು.

ಡಿಎನ್‌ಎ ತೀರ ಕಡಿಮೆ ಇದ್ದಾಗಲಂತೂ ಅನುಪಾತಗಳಿಗೆ ಅರ್ಥವೇ ಕಡಿಮೆ. ಮೈಕ್ರೊಲೀಟರಿಗೆ 10 ನ್ಯಾನೊಗ್ರಾಂ ಇದ್ದರೆ 260ರ ಹೀರಿಕೆ 0.2, ಯಂತ್ರ 1 ಮಿಲಿಮೀಟರಿನಲ್ಲಿ ನಿಜವಾಗಿ ಕಾಣುವುದು ಅದರ ಹತ್ತನೇ ಒಂದು ಭಾಗ, 0.02. 230ರಲ್ಲಿ ಅದಕ್ಕೂ ಅರ್ಧ. ಪೀಠದ ಮೇಲೆ ಉಳಿದ ಒಂದು ನೂಲೆಳೆ, ಒಂದು ಗಾಳಿಗುಳ್ಳೆ ಸಾಕು ಅನುಪಾತ ತಲೆಕೆಳಗಾಗಲು. ಒಂದೇ ಟ್ಯೂಬಿನಿಂದ ಮೂರು ಸಲ ಅಳೆದರೆ ಮೂರು ಬೇರೆ ಬೇರೆ ಅಂಕಿ ಬರುತ್ತವೆ. ಅಂಥ ಸ್ಯಾಂಪಲ್ಲಿಗೆ ಕ್ಯೂಬಿಟ್ಟೇ ಗತಿ.

ಕೊನೆಯದಾಗಿ, ಈ ಎರಡೂ ಯಂತ್ರಗಳು ಹೇಳಲಾರದ ಒಂದು ಸಂಗತಿ ಇದೆ: ಡಿಎನ್‌ಎಯ ಎಳೆಗಳು ಎಷ್ಟು ಉದ್ದ ಉಳಿದಿವೆ ಎಂಬುದು. ಬಿರುಸಾಗಿ ಅಲ್ಲಾಡಿಸಿ ಸಾವಿರ ಬೇಸ್‌ಗಳ ಚೂರುಗಳಾದ ಡಿಎನ್‌ಎಗೂ, ಐವತ್ತು ಸಾವಿರ ಬೇಸ್‌ಗಳ ಉದ್ದನೆಯ ಡಿಎನ್‌ಎಗೂ 1.8 ಮತ್ತು 2.1 ಒಂದೇ ರೀತಿ ಬರುತ್ತವೆ. ನ್ಯಾನೊಪೋರ್‌ನಂಥ ಉದ್ದ ಓದಿನ ವಿಧಾನಕ್ಕೆ ಈ ವ್ಯತ್ಯಾಸವೇ ಮುಖ್ಯ. ಹಾಗಾಗಿ 88, 79, 1.84, 2.05 ಎಂದು ಬರೆದುಕೊಂಡ ಮೇಲೂ ಅದೇ ಟ್ಯೂಬಿನಿಂದ ಒಂದಿಷ್ಟನ್ನು ಅಗರೋಸ್ ಜೆಲ್‌ನಲ್ಲಿ ಓಡಿಸಿ ನೋಡುತ್ತಾರೆ. ಬಾವಿಯ ಹತ್ತಿರವೇ ಗಟ್ಟಿಯಾದ ಒಂದು ಪಟ್ಟಿ ನಿಂತರೆ ಲೈಬ್ರರಿ ತಯಾರಿಗೆ ಹೋಗಬಹುದು. ಪಟ್ಟಿಯಿಲ್ಲದೆ ಮೇಲಿನಿಂದ ಕೆಳಗಿನವರೆಗೆ ಮಂಜು ಹರಡಿದಂತೆ ಕಂಡರೆ, ಎಷ್ಟೇ ಶುದ್ಧವಾಗಿದ್ದರೂ ಅದನ್ನು ಬದಿಗಿಟ್ಟು ಹೊಸ ಎಳೆ ಎಲೆ ಅರೆಯುವುದೇ ಸರಿ.