ಕಿಟಕಿಗೆ ಜೊತೆಯಾದ ಎರಡು ದೀಪ

ಮೈಸೂರಿನ ಒಂದು ಹಳೆಯ ಮನೆ ಎಂದುಕೊಳ್ಳೋಣ. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ತಾತನ ಮಾತುಗಳನ್ನು ವಿಡಿಯೋ ಮಾಡಿಟ್ಟುಕೊಳ್ಳಬೇಕೆಂದು ಮೊಮ್ಮಗ ಮೊಬೈಲನ್ನೂ ಟ್ರೈಪಾಡನ್ನೂ ಹಿಡಿದು ಬಂದಿದ್ದಾನೆ. ಕೋಣೆ 10 ಅಡಿ ಅಗಲ, 12 ಅಡಿ ಉದ್ದ. ಪಶ್ಚಿಮದ ಗೋಡೆಯಲ್ಲಿ ದೊಡ್ಡ ಕಿಟಕಿ. ಕೈಯಲ್ಲಿರುವುದು ಎರಡು ಟೇಬಲ್ ಲ್ಯಾಂಪ್. ತಾತ ವಾಡಿಕೆಯಂತೆ ಕಿಟಕಿಗೆ ಬೆನ್ನು ಹಾಕಿ ಕೂತಿದ್ದಾರೆ. ಮೊಬೈಲ್ ಪರದೆಯಲ್ಲಿ ಕಿಟಕಿಯಾಚೆಯ ತೆಂಗಿನಮರ ಚೆನ್ನಾಗಿ ಕಾಣುತ್ತಿದೆ, ತಾತನ ಮುಖ ಮಾತ್ರ ಕಪ್ಪು.

ಸಂದರ್ಶನಗಳಲ್ಲಿ ಮುಖಕ್ಕೆ ಬೆಳಕು ಕೊಡುವ ಹಳೆಯ ಪದ್ಧತಿಗೆ ಮೂರು ಬೆಳಕು ಬೇಕು. ಮುಖದ ಆಕಾರವನ್ನು ತೋರಿಸುವುದು ಕೀ ಲೈಟ್. ಅದು ಇನ್ನೊಂದು ಕೆನ್ನೆಯ ಮೇಲೆ ಬಿಟ್ಟ ನೆರಳನ್ನು ತಿಳಿಗೊಳಿಸುವುದು ಫಿಲ್ ಲೈಟ್. ಹಿಂದಿನಿಂದ ತಲೆ, ಭುಜದ ಅಂಚನ್ನು ಬೆಳಗಿಸಿ ಗೋಡೆಯಿಂದ ಮನುಷ್ಯನನ್ನು ಬೇರ್ಪಡಿಸುವುದು ಬ್ಯಾಕ್ ಲೈಟ್. ಸ್ಟುಡಿಯೋದಲ್ಲಿ ಈ ಮೂರನ್ನೂ ಬೇಕಾದಲ್ಲಿಗೆ ಎಳೆದುಕೊಳ್ಳಬಹುದು. ಇಲ್ಲಿ ಅತ್ಯಂತ ದೊಡ್ಡ ದೀಪ ಕಿಟಕಿ, ಅದು ಗೋಡೆ ಬಿಟ್ಟು ಕದಲುವುದಿಲ್ಲ. ಹಾಗಾಗಿ ಕದಲಬೇಕಾದವರು ತಾತ.

ಕುರ್ಚಿಯನ್ನು ಕಿಟಕಿಯಿಂದ 4 ಅಡಿ ದೂರಕ್ಕೆ, ಹಿಂಬದಿಯ ದಕ್ಷಿಣದ ಗೋಡೆಯಿಂದಲೂ 4 ಅಡಿ ಮುಂದಕ್ಕೆ ಇಟ್ಟು ತಾತನನ್ನು ಉತ್ತರಕ್ಕೆ ಮುಖ ಮಾಡಿ ಕೂರಿಸಬೇಕು. ಕಿಟಕಿ ಅವರ ಎಡಗಡೆ, ನೇರ ಪಕ್ಕಕ್ಕಿಂತ ಸ್ವಲ್ಪ ಮುಂದೆ ಬರಬೇಕು. ಸರಿಯಾಗಿ ಪಕ್ಕಕ್ಕೇ ಬಂದರೆ ಮುಖ ಅರ್ಧ ಬಿಳಿ, ಅರ್ಧ ಕಪ್ಪಾಗಿ ಸೀಳಿದಂತೆ ಕಾಣುತ್ತದೆ. ಕ್ಯಾಮೆರಾ ಅವರ ಮುಂದೆ 6 ಅಡಿ ದೂರದಲ್ಲಿ. ಅದರ ಹಿಂದೆ ಉಳಿಯುವ 2 ಅಡಿಯಲ್ಲಿ ಒಬ್ಬರು ನಿಲ್ಲಬಹುದು, ಅಷ್ಟೇ.

ಇನ್ನು ಪ್ರಶ್ನೆ ಕೇಳುವವರು ಎಲ್ಲಿ ಕೂರಬೇಕು? ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕ್ಯಾಮೆರಾಗೂ ಕಿಟಕಿಗೂ ನಡುವೆ ಕೂರಬೇಕು. ಆಗ ತಾತ ಅವರನ್ನು ನೋಡುತ್ತ ಮಾತನಾಡುವಾಗ ಮುಖ ಕಿಟಕಿಯ ಕಡೆಗೆ ತುಸು ತಿರುಗುತ್ತದೆ. ಬೆಳಕು ಬೀಳುವುದು ಕ್ಯಾಮೆರಾದಿಂದ ಆಚೆಗಿರುವ ಕೆನ್ನೆಯ ಮೇಲೆ, ಕ್ಯಾಮೆರಾ ಕಡೆಯ ಕೆನ್ನೆ ತೆಳುನೆರಳಿನಲ್ಲಿ. ಮೂಗು, ಕೆನ್ನೆಯ ಏರಿಳಿತ, ವಯಸ್ಸಿನ ಗೆರೆ ಎಲ್ಲಕ್ಕೂ ಆಳ ಬರುತ್ತದೆ. ಕೇಳುವವರು ಇನ್ನೊಂದು ಬದಿಗೆ ಕೂತರೆ ಇದೇ ಕಿಟಕಿ, ಇದೇ ಮುಖ ಚಪ್ಪಟೆಯಾಗುತ್ತದೆ.

ದೀಪ ಹಚ್ಚುವ ಮೊದಲು ಕೋಣೆಯ ಟ್ಯೂಬ್‌ಲೈಟನ್ನು ಆರಿಸಬೇಕು. ಬಲ್ಬಿನ ಡಬ್ಬಿಯನ್ನೂ ಓದಬೇಕು. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹಳದಿ ಬಲ್ಬು ಸುಮಾರು 2700 ಕೆಲ್ವಿನ್. ಹಗಲಿನ ಬೆಳಕು 5500ರ ಆಸುಪಾಸು, ಬಿಸಿಲು ನೇರವಾಗಿ ಬೀಳದ ಕಿಟಕಿಯಲ್ಲಿ ಇನ್ನೂ ನೀಲಿ. ಹಳದಿ ಬಲ್ಬು ಹಾಕಿದರೆ ತಾತನ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ, ಆಮೇಲೆ ಎಡಿಟಿಂಗ್‌ನಲ್ಲಿ ತಿದ್ದುವುದೂ ಕಷ್ಟ. ನಮ್ಮ ಅಂಗಡಿಗಳಲ್ಲಿ ಸಿಗುವ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಬಲ್ಬು ಇಂಥ ಕಿಟಕಿಗೆ ಚೆನ್ನಾಗಿ ಹೊಂದುತ್ತದೆ. ತಾತನ ಮುಖದ ಪಕ್ಕ ಬಿಳಿ ಹಾಳೆ ಹಿಡಿದು ವೈಟ್ ಬ್ಯಾಲೆನ್ಸ್ ಲಾಕ್ ಮಾಡಿದರೆ ಬಣ್ಣದ ಕೆಲಸ ಮುಗಿಯಿತು.

ಮೊದಲ ದೀಪ ಫಿಲ್‌ಗೆ. ಅದನ್ನು ತಾತನ ಮುಖಕ್ಕೆ ನೇರ ಹಿಡಿದರೆ ಮೂಗಿಗೆ ಎರಡನೆಯ ನೆರಳು ಹುಟ್ಟುತ್ತದೆ, ಕನ್ನಡಕದಲ್ಲಿ ಬಲ್ಬೇ ಕಾಣುತ್ತದೆ. ಅದರ ಬದಲು ಪೂರ್ವದ ಗೋಡೆಗೆ ಒಂದು ಬಿಳಿ ಥರ್ಮೋಕೋಲ್ ಹಾಳೆ ಒರಗಿಸಿ, ದೀಪವನ್ನು ಅದರತ್ತ ತಿರುಗಿಸಬೇಕು. ಹಾಳೆಗೆ ಬಡಿದು ಹರಡಿ ಬರುವ ಬೆಳಕಿಗೆ ಗಡಸು ನೆರಳಿರುವುದಿಲ್ಲ. ಗೋಡೆ ಬಿಳಿಯಾಗಿದ್ದರೆ ಹಾಳೆಯೂ ಬೇಡ. ಹಸಿರು ಡಿಸ್ಟೆಂಪರ್ ಬಳಿದ ಗೋಡೆಯಾದರೆ ಹಾಳೆ ಬೇಕೇ ಬೇಕು, ಇಲ್ಲದಿದ್ದರೆ ಆ ಹಸಿರೆಲ್ಲ ಕೆನ್ನೆಗೆ ಬರುತ್ತದೆ.

ಫಿಲ್ ಎಷ್ಟಿರಬೇಕು? ಮೀಟರ್ ಇಲ್ಲದೆಯೂ ಅಳೆಯಬಹುದು. ಮೊಬೈಲಿನಲ್ಲಿ ಮ್ಯಾನ್ಯುವಲ್ ಮೋಡ್ ಹಾಕಿ ಬೆಳಕಿನ ಕೆನ್ನೆ ಸರಿಯಾಗಿ ಕಾಣಲು ಐಎಸ್‌ಒ 200 ಬೇಕಾಯಿತು ಎನ್ನಿ. ಬೇರೇನನ್ನೂ ಬದಲಿಸದೆ, ನೆರಳಿನ ಕೆನ್ನೆ ಅಷ್ಟೇ ಬೆಳ್ಳಗೆ ಕಾಣಲು 400 ಬೇಕಾದರೆ ಅಲ್ಲಿರುವುದು ಅರ್ಧ ಬೆಳಕು. ಸೌಮ್ಯವಾದ ಸಂದರ್ಶನಕ್ಕೆ ಅದು ಹಿತ. 800 ಬೇಕಾದರೆ ಕಾಲು ಭಾಗ, ಚಿತ್ರ ಗಂಭೀರವಾಗುತ್ತದೆ. ಎರಡು ಕೆನ್ನೆಗೂ 200 ಸಾಕಾದರೆ ಫಿಲ್ ಅತಿಯಾಗಿದೆ, ಕಿಟಕಿಯ ಶ್ರಮವೆಲ್ಲ ಅಳಿಸಿಹೋಗಿದೆ. ಬಿಳಿ ಗೋಡೆಯ ಚಿಕ್ಕ ಕೋಣೆಗಳಲ್ಲಿ ಹೀಗಾಗುವುದೇ ಹೆಚ್ಚು, ಏಕೆಂದರೆ ಕಿಟಕಿಯ ಬೆಳಕನ್ನು ಗೋಡೆಗಳೇ ತಿರುಗಿಸಿ ಎಸೆಯುತ್ತವೆ. ಆಗ ದೀಪ ಆರಿಸಿ ನೋಡಬೇಕು. ಆರಿಸಿದರೂ ನೆರಳಿಲ್ಲವೆಂದರೆ ಆ ಬದಿಗೆ ಒಂದು ಕಪ್ಪು ಕಂಬಳಿ ನೇತುಹಾಕಬೇಕು.

ಎರಡನೆಯ ದೀಪಕ್ಕೆ ಜಾಗ ತಾತನ ಹಿಂದೆ, ಕಿಟಕಿಗೆ ಎದುರು ಮೂಲೆಯಲ್ಲಿ, ತಲೆಗಿಂತ ಎರಡು ಮೂರು ಅಡಿ ಎತ್ತರದಲ್ಲಿ. ಇಷ್ಟು ಚಿಕ್ಕ ಕೋಣೆಯಲ್ಲಿ ಸ್ಟ್ಯಾಂಡ್ ನಿಲ್ಲಿಸಿದರೆ ಚಿತ್ರದೊಳಗೆ ಬರುತ್ತದೆ, ಆದ್ದರಿಂದ ಬೀರುವಿನ ತಲೆಯೇ ಸ್ಟ್ಯಾಂಡ್. ದೀಪ ಲೆನ್ಸಿಗೆ ಕಣ್ಣು ಹೊಡೆಯದಂತೆ ಮುಂದೊಂದು ರಟ್ಟು ಅಡ್ಡ ಇಡಬೇಕು. ಲೆನ್ಸಿನ ಜಾಗದಲ್ಲಿ ಕಣ್ಣಿಟ್ಟು ನೋಡಿದಾಗ ಬಲ್ಬು ಕಾಣಬಾರದು. ತಾತನದು ನರೆತ ಕೂದಲು. ಕಪ್ಪು ಕೂದಲು ನುಂಗುವ ಬೆಳಕನ್ನು ಬಿಳಿ ಕೂದಲು ಹಾಗೆಯೇ ಹಿಂದಿರುಗಿಸುವುದರಿಂದ ತಲೆಯ ಸುತ್ತ ಎಳೆ ಕಾಣದ ಬಿಳಿ ಪಟ್ಟಿಯೊಂದು ಮೂಡುತ್ತದೆ. ಹಾಗಾದರೆ ದೀಪವನ್ನು ಹಿಂದೆ ಸರಿಸಬೇಕು. 3 ಅಡಿಯಲ್ಲಿದ್ದುದನ್ನು 6 ಅಡಿಗೆ ಒಯ್ದರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಸರಿಸಲು ಜಾಗವಿಲ್ಲದಿದ್ದರೆ ಕಡಿಮೆ ವ್ಯಾಟಿನ ಬಲ್ಬು ಹಾಕಬೇಕು.

ಕನ್ನಡಕದಲ್ಲಿ ಕಿಟಕಿಯೇ ಮೂಡಿ ಕಣ್ಣು ಮುಚ್ಚಿಹೋದರೆ ಕಿಟಕಿಯನ್ನು ಮೇಲೇರಿಸಲಾಗದು. ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಚೂರು ಎತ್ತಿದರೆ ಗಾಜು ಕೆಳಕ್ಕೆ ಬಾಗಿ ಪ್ರತಿಬಿಂಬ ಜಾರುತ್ತದೆ. ಇನ್ನು ಪರದೆಯಲ್ಲಿ ಅಡ್ಡ ಪಟ್ಟಿಗಳು ಹರಿದಾಡಿದರೆ ಅದು ದೀಪದ ಮಿಣುಕು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಪಟ್ಟಿ ನಿಲ್ಲುತ್ತದೆ.

ಉಳಿದದ್ದು ಸೂರ್ಯನ ಲೆಕ್ಕ. ಪಶ್ಚಿಮದ ಕಿಟಕಿಗೆ ಬೆಳಿಗ್ಗೆ ಬಿಸಿಲು ಬಡಿಯುವುದಿಲ್ಲ, ಆಕಾಶದ ಬೆಳಕಷ್ಟೇ ಬರುತ್ತದೆ. ಹತ್ತೂವರೆಗೆ ಶುರುಮಾಡಿದರೆ ಎರಡು ಗಂಟೆ ಕಾಲ ನೆಮ್ಮದಿ. ಮೋಡ ಕವಿದರೆ ಮಾತ್ರ ಕೀ ಇಳಿದು, ದೀಪಗಳು ಇದ್ದಕ್ಕಿದ್ದಂತೆ ಜೋರಾದಂತೆ ಕಾಣುತ್ತವೆ. ಆಗ ಒಂದು ಪ್ರಶ್ನೆ ಮುಗಿಯುವವರೆಗೆ ಕಾದು ದೀಪಗಳನ್ನು ದೂರ ಸರಿಸುವುದೊಂದೇ ದಾರಿ. ಮಧ್ಯಾಹ್ನದ ಬಿಸಿಲು ಒಳಗೆ ಇಣುಕಿದ ಮೇಲೂ ತಾತನ ಕಥೆ ಮುಗಿದಿರದಿದ್ದರೆ ಕಿಟಕಿಗೆ ಬಿಳಿ ಪಂಚೆಯೊಂದನ್ನು ಬಿಗಿದು ಕಟ್ಟಬೇಕು. 1956ರ ‘ಅಪರಾಜಿತೋ’ ಚಿತ್ರಕ್ಕಾಗಿ ಸ್ಟುಡಿಯೋದಲ್ಲಿ ಕಾಶಿಯ ಮನೆಯೊಂದರ ಅಂಗಳ ಕಟ್ಟಿದಾಗ ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಹರಡಿ, ಕೆಳಗಿನಿಂದ ಅದಕ್ಕೆ ದೀಪ ಹಾಯಿಸಿ ಹಗಲಿನ ಮೃದು ಬೆಳಕನ್ನು ಇಳಿಸಿದ್ದರು. ಅಲ್ಲಿ ಬಟ್ಟೆ ಬೆಳಕನ್ನು ತಿರುಗಿಸಿತು, ಇಲ್ಲಿ ಪಂಚೆ ಅದನ್ನು ಸೋಸಿ ಒಳಗೆ ಬಿಡುತ್ತದೆ. ಸರಿಗೆ ಅಂಚು ಮಾತ್ರ ಕಿಟಕಿಯ ಹೊರಗಡೆ ಮಡಚಿರಲಿ. ಪಂಚೆ ಕಟ್ಟಿದ ಮೇಲೆ ಐಎಸ್‌ಒವನ್ನೂ ಎರಡು ಕೆನ್ನೆಗಳ ಅಳತೆಯನ್ನೂ ಮತ್ತೊಮ್ಮೆ ನೋಡಿ ರೆಕಾರ್ಡಿಂಗ್ ಮುಂದುವರಿಸಬಹುದು.